ರಿಜಿಸ್ಟರ್ ಎಲ್ಲಿಡಬೇಕು: ಒಣದ್ರಾಕ್ಷಿ ವಿಂಗಡಿಸುವ ಯಂತ್ರದ ಒಂದು ಪ್ರಕರಣ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಒಂದು ಘಟಕದಲ್ಲಿ ಒಣದ್ರಾಕ್ಷಿಯನ್ನು ಬಣ್ಣ ನೋಡಿ ವಿಂಗಡಿಸುವ ಯಂತ್ರವಿದೆ. ವ್ಯಾಪಾರದಲ್ಲಿ ಮಣೂಕ ಎಂದೇ ಕರೆಯುವ ಈ ಮಾಲು 600 ಮಿಲಿಮೀಟರ್ ಅಗಲದ ಜಾರುಹಲಗೆಯಿಂದ ತೆಳುವಾದ ಪರದೆಯಂತೆ ಕೆಳಗೆ ಬೀಳುತ್ತದೆ. ಬೀಳುವಾಗ ಒಂದು ಗೆರೆ ಕ್ಯಾಮೆರಾ ಅದನ್ನು ಅಡ್ಡಲಾಗಿ ನೋಡುತ್ತದೆ. ಅಲ್ಲಿಂದ 120 ಮಿಲಿಮೀಟರ್ ಕೆಳಗೆ ಸಾಲಾಗಿ ಕೂಡಿಸಿದ 64 ಗಾಳಿ ವಾಲ್ವ್‌ಗಳ ಪೈಕಿ ತಕ್ಕದ್ದು ತೆರೆದುಕೊಂಡು ಕಪ್ಪು ಕಾಳು, ಕಲ್ಲು, ಕಡ್ಡಿಗಳನ್ನು ಪಕ್ಕದ ಡಬ್ಬಿಗೆ ಹಾರಿಸುತ್ತದೆ. ಕ್ಯಾಮೆರಾ ಮತ್ತು ವಾಲ್ವ್‌ಗಳ ನಡುವಿನ ನಿರ್ಧಾರವನ್ನು ಎಫ್‌ಪಿಜಿಎ, ಅಂದರೆ ಒಳಗಿನ ತರ್ಕವನ್ನು ನಾವೇ ಬರೆದು ತುಂಬಬಹುದಾದ ಚಿಪ್ ಒಂದರಲ್ಲಿ ಬರೆದ ತರ್ಕ ಮಾಡುತ್ತದೆ. ಆ ತರ್ಕವನ್ನು ಬರೆದದ್ದು ಬೆಳಗಾವಿಯ ಉದ್ಯಮಬಾಗದಲ್ಲಿ ಕೂತು ಕೆಲಸ ಮಾಡುವ ನಮ್ಮ ನಾಲ್ಕು ಜನರ ತಂಡ.

ಹಳೆಯ ಕ್ಯಾಮೆರಾ ಒಂದು ಗೆರೆಗೆ 1024 ಪಿಕ್ಸೆಲ್ ಕೊಡುತ್ತಿತ್ತು. 600 ಮಿಲಿಮೀಟರ್ ಅಗಲವನ್ನು 1024ರಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಹೆಚ್ಚುಕಡಿಮೆ 0.6 ಮಿಲಿಮೀಟರ್ ಆಗುತ್ತದೆ. ಕಾಳಿಗೆ ಅಂಟಿಕೊಂಡು ಉಳಿಯುವ ತೊಟ್ಟಿನ ಕಡ್ಡಿ ಇದಕ್ಕಿಂತ ಸಣ್ಣದಾಗಿರುತ್ತದೆ, ಆದ್ದರಿಂದ ಅದು ಚಿತ್ರದಲ್ಲಿ ಮಸುಕಾಗಿ ಕಾಳಿನ ಬಣ್ಣದೊಳಗೆ ಕರಗಿ ಹೋಗುತ್ತಿತ್ತು. ಘಟಕದ ಯಜಮಾನರು 4096 ಪಿಕ್ಸೆಲ್‌ನ ಕ್ಯಾಮೆರಾ ತರಿಸಿದರು. ಕಾಳು ಬೀಳುವ ವೇಗ ಬದಲಾಗಿರಲಿಲ್ಲ, ಒಂದು ಗೆರೆ ತೆಗೆಯಲು ಸಿಗುವ 42 ಮೈಕ್ರೋಸೆಕೆಂಡೂ ಅಷ್ಟೇ ಇತ್ತು. ಅಷ್ಟೇ ಸಮಯದಲ್ಲಿ ಈಗ ನಾಲ್ಕು ಪಟ್ಟು ಪಿಕ್ಸೆಲ್ ಬರಬೇಕಾದ್ದರಿಂದ ಕ್ಯಾಮೆರಾದ ಕ್ಲಾಕ್ 25 ಮೆಗಾಹರ್ಟ್ಸ್‌ನಿಂದ 100 ಮೆಗಾಹರ್ಟ್ಸ್‌ಗೆ ಏರಿತು. ಅಂದರೆ ಮೊದಲು 40 ನ್ಯಾನೋಸೆಕೆಂಡಿಗೆ ಒಂದರಂತೆ ಬರುತ್ತಿದ್ದ ಪಿಕ್ಸೆಲ್ ಈಗ 10 ನ್ಯಾನೋಸೆಕೆಂಡಿಗೆ ಒಂದರಂತೆ ಬಂದು ಬಾಗಿಲು ತಟ್ಟತೊಡಗಿತು. ಈ ಬರಹ ಆ 10 ನ್ಯಾನೋಸೆಕೆಂಡಿನೊಳಗೆ ನಾವು ಹೇಗೆ ಹೊಂದಿಕೊಂಡೆವು, ಮತ್ತು ಹೊಂದಿಕೊಳ್ಳುವ ಮೊದಲು ಎಲ್ಲಿ ಎಡವಿದೆವು ಎಂಬುದರ ವಿವರ.

ಒಂದು ಪಿಕ್ಸೆಲ್ ಮೇಲೆ ನಡೆಯುವ ಕೆಲಸ

ಪ್ರತಿ ಪಿಕ್ಸೆಲ್ ಆರು ಕೆಲಸಗಳನ್ನು ದಾಟಿ ಹೋಗುತ್ತದೆ. ಮೊದಲು, ಬೆಳಕೇ ಇಲ್ಲದಾಗಲೂ ಸಂವೇದಕ ತೋರಿಸುವ ಕಪ್ಪು ಮಟ್ಟವನ್ನು ಅದರಿಂದ ಕಳೆಯಬೇಕು. ಇದನ್ನು ಕಳೆತ ಎನ್ನೋಣ, ಇದಕ್ಕೆ 2.5 ನ್ಯಾನೋಸೆಕೆಂಡು ಬೇಕು. ದೀಪದ ಬೆಳಕು ಜಾರುಹಲಗೆಯ ನಡುವೆ ಹೆಚ್ಚು, ತುದಿಗಳಲ್ಲಿ ಕಡಿಮೆ ಬೀಳುವುದರಿಂದ ಪ್ರತಿ ಪಿಕ್ಸೆಲ್ ಸ್ಥಾನಕ್ಕೂ ಗೊತ್ತುಮಾಡಿಟ್ಟ ಒಂದು ಸಂಖ್ಯೆಯಿಂದ ಗುಣಿಸಬೇಕು. ಈ ಗುಣಾಕಾರಕ್ಕೆ 6.5. ಬಂದ ಉತ್ತರ 12 ಬಿಟ್‌ಗಿಂತ ದೊಡ್ಡದಾದರೆ ಅದನ್ನು ಮಿತಿಯೊಳಗೆ ತರುವುದಕ್ಕೆ 2.0. ಆಮೇಲೆ ಕೆಂಪು, ಹಸಿರು, ನೀಲಿ ಮೂರನ್ನೂ ಅವುಗಳ ತೂಕದಿಂದ ಗುಣಿಸುವುದಕ್ಕೆ ಮತ್ತೆ 6.5. ಆ ಮೂರರ ಮೊತ್ತ ಮಾಡಲು 4.5. ಕೊನೆಗೆ ಆ ಮೊತ್ತವನ್ನು ಒಳ್ಳೆಯ ಕಾಳು ಮತ್ತು ಕೆಟ್ಟ ಕಾಳುಗಳ ಗಡಿಯೊಂದಿಗೆ ಹೋಲಿಸಲು 2.5. ಒಟ್ಟು 24.5 ನ್ಯಾನೋಸೆಕೆಂಡು.

ಹಳೆಯ ವಿನ್ಯಾಸದಲ್ಲಿ ಈ ಆರೂ ಕೆಲಸಗಳು ನಡುವೆ ಎಲ್ಲಿಯೂ ನಿಲ್ಲದೆ ಒಂದರ ಹಿಂದೆ ಒಂದು ಸಾಗುತ್ತಿದ್ದವು. ಆರಂಭದಲ್ಲಿ ಒಂದು ರಿಜಿಸ್ಟರ್ ಸಾಲು, ಕೊನೆಯಲ್ಲಿ ಒಂದು ರಿಜಿಸ್ಟರ್ ಸಾಲು. ರಿಜಿಸ್ಟರ್ ಎಂದರೆ ಕ್ಲಾಕಿನ ಪ್ರತಿ ಏರಿಕೆಯಲ್ಲಿ ತನ್ನ ಬಾಯಲ್ಲಿರುವ ಬೆಲೆಯನ್ನು ಹಿಡಿದು ಮುಂದಿನ ಏರಿಕೆಯವರೆಗೆ ಇಟ್ಟುಕೊಳ್ಳುವ ಜಾಗ. ಕ್ಲಾಕಿನ ಒಂದು ಏರಿಕೆಯಾದಾಗ ಆರಂಭದ ರಿಜಿಸ್ಟರ್ ತನ್ನ ಬೆಲೆಯನ್ನು ಹೊರಗಿಡುವುದಕ್ಕೂ, ಮುಂದಿನ ಏರಿಕೆಗೆ ಮೊದಲು ಕೊನೆಯ ರಿಜಿಸ್ಟರಿನ ಬಾಯಲ್ಲಿ ಬೆಲೆ ಸ್ಥಿರವಾಗಿ ನಿಂತಿರಬೇಕಾದ ಅವಧಿಗೂ ಸೇರಿ ಇನ್ನೊಂದು ನ್ಯಾನೋಸೆಕೆಂಡು ಹೋಗುತ್ತದೆ. ಹೀಗೆ 25.5 ಆಯಿತು. ಇದು 40ರೊಳಗೆ ಧಾರಾಳವಾಗಿ ಹಿಡಿಸುತ್ತಿತ್ತು, 10ರೊಳಗೆ ಹಿಡಿಸುವ ಮಾತೇ ಇರಲಿಲ್ಲ. ಈ ರಚನೆ ಹೆಚ್ಚೆಂದರೆ 39 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ.

ಇಲ್ಲಿ ಎರಡು ಅಳತೆಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಪಿಕ್ಸೆಲ್ ಒಳಗೆ ಹೋದ ಕ್ಷಣದಿಂದ ಅದರ ತೀರ್ಪು ಹೊರಬರುವವರೆಗೆ ಹಿಡಿಯುವ ಸಮಯ ಲೇಟೆನ್ಸಿ. ಒಂದು ಸೆಕೆಂಡಿನಲ್ಲಿ ಎಷ್ಟು ತೀರ್ಪು ಹೊರಬರುತ್ತವೆ ಎಂಬುದು ಥ್ರೂಪುಟ್. ನಡುವೆ ರಿಜಿಸ್ಟರ್ ಇಲ್ಲದ ತರ್ಕದಲ್ಲಿ ಇವೆರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ, ಏಕೆಂದರೆ ಹಿಂದಿನ ಪಿಕ್ಸೆಲ್ ಪೂರ್ತಿ ಹೊರಬೀಳುವವರೆಗೆ ಹೊಸದನ್ನು ಒಳಗೆ ಬಿಡುವಂತಿಲ್ಲ. ನಡುನಡುವೆ ರಿಜಿಸ್ಟರ್ ಸಾಲುಗಳನ್ನಿಟ್ಟರೆ ಆ ಗಂಟು ಬಿಚ್ಚುತ್ತದೆ: ಒಂದು ಪಿಕ್ಸೆಲ್ ತೂಕದ ಹಂತದಲ್ಲಿರುವಾಗಲೇ ಅದರ ನಂತರ ಬಂದದ್ದು ಗುಣಾಕಾರದಲ್ಲಿ, ಅದರ ನಂತರದ್ದು ಕಳೆತದಲ್ಲಿ ಇರಬಹುದು. ಒಂದೊಂದು ಪಿಕ್ಸೆಲಿನ ಪ್ರಯಾಣ ಉದ್ದವಾಗುತ್ತದೆ, ಸಾಲು ಮಾತ್ರ ವೇಗವಾಗಿ ಸರಿಯುತ್ತದೆ.

ನಮ್ಮ ಯಂತ್ರ ಈ ಕೊಡುಕೊಳ್ಳುವಿಕೆಗೆ ಹೇಳಿ ಮಾಡಿಸಿದಂತಿತ್ತು. ಕಾಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಳುತ್ತದೆ ಎಂದರೆ ಕ್ಯಾಮೆರಾ ಗೆರೆಯಿಂದ ವಾಲ್ವ್‌ವರೆಗಿನ 120 ಮಿಲಿಮೀಟರ್ ದಾಟಲು ಅದಕ್ಕೆ 40 ಮಿಲಿಸೆಕೆಂಡು ಬೇಕು. ತೀರ್ಪು ಬರಲು ನೂರು ನ್ಯಾನೋಸೆಕೆಂಡು ತಡವಾದರೂ ಅಷ್ಟರಲ್ಲಿ ಕಾಳು ಸರಿದಿರುವುದು ಒಂದು ಮೈಕ್ರಾನಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಲೇಟೆನ್ಸಿ ನಮಗೆ ಬಹುಮಟ್ಟಿಗೆ ಬಿಟ್ಟಿಯಾಗಿ ಸಿಗುವ ಸರಕು. ಥ್ರೂಪುಟ್‌ನಲ್ಲಿ ಮಾತ್ರ ಒಂದು ಪಿಕ್ಸೆಲನ್ನೂ ಬಿಡುವಂತಿರಲಿಲ್ಲ.

ಮೊದಲ ತಪ್ಪು: ಹೆಸರಿನ ಗಡಿಯಲ್ಲಿ ಕತ್ತರಿಸಿದ್ದು

ನಮ್ಮ ಸಂಕೇತದಲ್ಲಿ ಮೂರು ಮಾಡ್ಯೂಲ್‌ಗಳಿದ್ದವು: ಬೆಳಕಿನ ತಿದ್ದುಪಡಿ, ಬಣ್ಣ, ತೀರ್ಪು. ಒಂದೊಂದು ಮಾಡ್ಯೂಲ್ ಮುಗಿದಲ್ಲಿ ಒಂದೊಂದು ರಿಜಿಸ್ಟರ್ ಸಾಲು ಇಟ್ಟರೆ ಮೂರು ಹಂತವಾಗುತ್ತದೆ, 24.5 ಅನ್ನು ಮೂರರಿಂದ ಭಾಗಿಸಿದರೆ 8.2, ಮೇಲೊಂದು ಸೇರಿಸಿದರೆ 9.2, ಹತ್ತರೊಳಗೆ ಬಂತು ಎಂದು ನಾವು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಈ ಲೆಕ್ಕದಲ್ಲಿ ಭಾಗಾಕಾರ ಸರಿಯಿದೆ, ಆದರೆ ಕೆಲಸ ಹಾಗೆ ಸಮನಾಗಿ ಭಾಗವಾಗಿರಲಿಲ್ಲ.

ಕಳೆತ + ಗುಣಾಕಾರ + ಮಿತಿ = 11.0
ತೂಕ + ಮೊತ್ತ = 11.0
ಹೋಲಿಕೆ = 2.5

ಕ್ಲಾಕ್ ಎಲ್ಲ ಹಂತಗಳಿಗೂ ಒಂದೇ ಆದ್ದರಿಂದ ಅದರ ಅವಧಿಯನ್ನು ಗೊತ್ತುಮಾಡುವುದು ಎಲ್ಲಕ್ಕಿಂತ ನಿಧಾನದ ಹಂತ. ಇಲ್ಲಿ ಅದು 11 ಮತ್ತು 1, ಒಟ್ಟು 12 ನ್ಯಾನೋಸೆಕೆಂಡು. ಅಂದರೆ 83 ಮೆಗಾಹರ್ಟ್ಸ್. ಮೂರನೆಯ ಹಂತ ತನ್ನ ಕೆಲಸವನ್ನು ಮೂರೂವರೆ ನ್ಯಾನೋಸೆಕೆಂಡಿನಲ್ಲಿ ಮುಗಿಸಿ ಉಳಿದ ಎಂಟೂವರೆ ಸುಮ್ಮನೆ ಕೂತಿರುತ್ತಿತ್ತು. ವಿನ್ಯಾಸದ ಉಪಕರಣ ಪ್ರತಿ ಹಂತದ ವಿಳಂಬವನ್ನು ಲೆಕ್ಕ ಹಾಕಿ ಕೊಡುವ ಟೈಮಿಂಗ್ ವರದಿ ಇದನ್ನು ಮುಚ್ಚಿಡದೆ ಎರಡು ನ್ಯಾನೋಸೆಕೆಂಡು ಕೊರತೆ ಎಂದು ಕೆಂಪಕ್ಷರದಲ್ಲಿ ಹೇಳಿತು.

ಇದನ್ನು ಸರಿಪಡಿಸಲು ತಂಡದ ಕಿರಿಯ ಗೆಳೆಯರೊಬ್ಬರು ಮಾಡಿದ ಪ್ರಯತ್ನವನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಆ ದಾರಿಯನ್ನು ನಾನೂ ಒಂದು ಕಾಲಕ್ಕೆ ಹಿಡಿದವನೇ. ಅವರು ಹೋಲಿಕೆಯ ನಂತರ ಇನ್ನೊಂದು ರಿಜಿಸ್ಟರ್ ಸಾಲು ಸೇರಿಸಿದರು. ಹಂತಗಳು ನಾಲ್ಕಾದವು, ಲೇಟೆನ್ಸಿ ಒಂದು ಕ್ಲಾಕ್ ಬೆಳೆಯಿತು, ವರದಿಯಲ್ಲಿನ ಕೊರತೆ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಹನ್ನೊಂದರ ಎರಡು ಹಂತಗಳು ಇದ್ದಲ್ಲೇ ಇದ್ದವು. ರಿಜಿಸ್ಟರ್ ಸೇರಿಸುವುದರಿಂದ ವೇಗ ಬರುವುದಿಲ್ಲ, ನಿಧಾನದ ಹಂತವನ್ನು ಅದು ಒಡೆದರೆ ಮಾತ್ರ ಬರುತ್ತದೆ. ಒಡೆಯದಿದ್ದರೆ ಲೇಟೆನ್ಸಿಯನ್ನು ಕೊಟ್ಟು ಏನನ್ನೂ ಪಡೆಯದ ವ್ಯವಹಾರವಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಮುಂದೆ ನಡೆಯಿತು. ಜನವರಿಯಲ್ಲಿ ಬೆಳಗಾವಿಯ ತಣ್ಣನೆಯ ಕೋಣೆಯಲ್ಲಿ, ವರದಿ ಬೇಡವೆಂದರೂ, ಬೋರ್ಡಿಗೆ 100 ಮೆಗಾಹರ್ಟ್ಸ್ ಕೊಟ್ಟು ನೋಡಿದೆವು. ಅದು ಓಡಿತು. ವರದಿ ಲೆಕ್ಕ ಹಾಕುವುದು ಅತಿ ನಿಧಾನದ ಚಿಪ್, ಅತಿ ಕಡಿಮೆ ವೋಲ್ಟೇಜ್ ಮತ್ತು ಅತಿ ಕೆಟ್ಟ ಉಷ್ಣತೆಯನ್ನು ಇಟ್ಟುಕೊಂಡು. ಮೇಜಿನ ಮೇಲಿನ ಒಂದು ಚಿಪ್ ಅದಕ್ಕಿಂತ ಚುರುಕಾಗಿರುವುದು ಸಾಮಾನ್ಯ. ಓಡಿದ್ದನ್ನು ನಂಬಿ ಕಳಿಸಿದೆವು. ಬೇಸಿಗೆ ಬಂದ ಮೇಲೆ ತಿಕೋಟಾದಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ, ತಗಡಿನ ಚಾವಣಿಯ ಕೆಳಗೆ, ಯಂತ್ರ ಒಳ್ಳೆಯ ಕಾಳುಗಳನ್ನೂ ಅಲ್ಲೊಂದು ಇಲ್ಲೊಂದು ಹಾರಿಸತೊಡಗಿತು. ಬೆಳಿಗ್ಗೆ ಸರಿಯಿರುತ್ತಿತ್ತು.

ಈ ಬಗೆಯ ದೋಷವನ್ನು ಗುರುತಿಸುವುದು ಹೇಗೆ ಎಂಬುದನ್ನು ಹೇಳಿಬಿಡುತ್ತೇನೆ. ಚಿತ್ರವನ್ನು ಹೊರತೆಗೆದು ನೋಡಿದಾಗ ತಪ್ಪು ಪಿಕ್ಸೆಲ್‌ಗಳು ಉಪ್ಪು ಎರಚಿದಂತೆ ಎಲ್ಲೆಂದರಲ್ಲಿ ಚದುರಿದ್ದವು, ಆದರೆ ಹಿಂದಿನ ಪಿಕ್ಸೆಲಿಗೂ ಈಗಿನದಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿದ್ದಲ್ಲಿ, ಅಂದರೆ ಕಾಳಿನ ಅಂಚುಗಳಲ್ಲಿ, ಹೆಚ್ಚಾಗಿದ್ದವು. ಕೂಡಿಸುವ ಗುಣಿಸುವ ತರ್ಕದಲ್ಲಿ ಕೆಳಗಿನ ಬಿಟ್‌ನಿಂದ ಮೇಲಿನ ಬಿಟ್‌ವರೆಗೆ ದಶಕ ಉರುಳಿಕೊಂಡು ಹೋಗಬೇಕಾದಾಗಲೇ ಅತಿ ಉದ್ದದ ದಾರಿ ಎಚ್ಚರಗೊಳ್ಳುತ್ತದೆ; ಬೆಲೆ ಅಷ್ಟಾಗಿ ಬದಲಾಗದಿದ್ದರೆ ಆ ದಾರಿಗೆ ಕೆಲಸವೇ ಬೀಳುವುದಿಲ್ಲ. ಚಿಪ್ ಮೇಲೆ ಒಂದು ಸಣ್ಣ ಫ್ಯಾನ್ ಹಿಡಿದರೆ ತಪ್ಪು ಕಡಿಮೆಯಾಗುತ್ತಿತ್ತು, ಕ್ಲಾಕನ್ನು 80 ಮೆಗಾಹರ್ಟ್ಸ್‌ಗೆ ಇಳಿಸಿದರೆ ಪೂರ್ತಿ ಮಾಯವಾಗುತ್ತಿತ್ತು. ಬಿಸಿಗೂ ಕ್ಲಾಕಿಗೂ ಮಣಿಯುವ ದೋಷವಾದರೆ ಅದು ಹಂತದ ವಿಳಂಬದ ದೋಷ. ಮುಂದೆ ಹೇಳಲಿರುವ ಇನ್ನೊಂದು ದೋಷ ಇವೆರಡಕ್ಕೂ ಮಣಿಯುವಂಥದ್ದಲ್ಲ.

ಅಷ್ಟೇ ರಿಜಿಸ್ಟರ್ ಸಾಲು, ಬೇರೆ ಜಾಗ

ಹಂತಗಳನ್ನು ಹೆಚ್ಚಿಸುವ ಮೊದಲು ಇದ್ದ ಎರಡು ನಡುಗೆರೆಗಳನ್ನು ಸರಿಸಿ ನೋಡಿದೆವು. ಮಿತಿಯನ್ನು ಮೊದಲ ಹಂತದಿಂದ ತೆಗೆದು ಎರಡನೆಯದಕ್ಕೆ ಕೊಟ್ಟೆವು. ಮೊತ್ತವನ್ನು ಎರಡನೆಯದರಿಂದ ತೆಗೆದು, ಸುಮ್ಮನೆ ಕೂತಿದ್ದ ಮೂರನೆಯದಕ್ಕೆ ಕೊಟ್ಟೆವು.

ಕಳೆತ + ಗುಣಾಕಾರ = 9.0
ಮಿತಿ + ತೂಕ = 8.5
ಮೊತ್ತ + ಹೋಲಿಕೆ = 7.0

ನಿಧಾನದ ಹಂತ 11ರಿಂದ 9ಕ್ಕೆ ಇಳಿಯಿತು, ಒಟ್ಟು ಅವಧಿ ಸರಿಯಾಗಿ 10 ಆಯಿತು. ಲೇಟೆನ್ಸಿ ಅದೇ ಮೂರು ಕ್ಲಾಕ್, ತರ್ಕದಲ್ಲಿ ಒಂದು ಗೇಟೂ ಬದಲಾಗಿಲ್ಲ, ಉತ್ತರವೂ ಅದೇ. ಹೀಗೆ ರಿಜಿಸ್ಟರ್‌ಗಳನ್ನು ತರ್ಕದ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸಿದರೂ ಹೊರಗಿನ ನಡವಳಿಕೆ ಬದಲಾಗದು ಎಂಬುದನ್ನು ಚಾರ್ಲ್ಸ್ ಲೈಸರ್ಸನ್ ಮತ್ತು ಜೇಮ್ಸ್ ಸ್ಯಾಕ್ಸ್ 1980ರ ದಶಕದಲ್ಲಿ ಗಣಿತದ ಚೌಕಟ್ಟಿನಲ್ಲಿ ಕೂಡಿಸಿದರು. ಅದಕ್ಕೆ ರಿಟೈಮಿಂಗ್ ಎಂದು ಹೆಸರು. ಬರೆದ ಸಂಕೇತವನ್ನು ಗೇಟುಗಳಾಗಿ ಮಾರ್ಪಡಿಸುವ ಇಂದಿನ ಸಿಂಥೆಸಿಸ್ ಉಪಕರಣಗಳು ಈ ಕೆಲಸವನ್ನು ಮನುಷ್ಯನ ಕೈಯಿಲ್ಲದೆಯೂ ಮಾಡಬಲ್ಲವು. ನಮ್ಮಲ್ಲಿ ಆ ಆಯ್ಕೆಯನ್ನು ಚಾಲೂ ಮಾಡಿದಾಗ ಒಂದು ರಿಜಿಸ್ಟರೂ ಅಲುಗಲಿಲ್ಲ. ಕಾರಣ ನಮ್ಮದೇ ಅಭ್ಯಾಸ: ಪ್ರತಿ ರಿಜಿಸ್ಟರಿಗೂ ಕ್ಲಾಕನ್ನು ಕಾಯದೆ ಕೆಲಸ ಮಾಡುವ ಅಸಿಂಕ್ರೋನಸ್ ರಿಸೆಟ್ ಕಟ್ಟಿದ್ದೆವು. ಅಂಥ ರಿಜಿಸ್ಟರನ್ನು ತರ್ಕದ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ರಿಸೆಟ್ ಆದ ಕೂಡಲೇ ಅದರಲ್ಲಿ ಯಾವ ಬೆಲೆ ಇರಬೇಕು ಎಂಬುದನ್ನು ಹೊಸದಾಗಿ ಕಂಡುಹಿಡಿಯಬೇಕಾಗುತ್ತದೆ, ಹಾಗಾಗಿ ಉಪಕರಣ ಅದರ ತಂಟೆಗೇ ಹೋಗಲಿಲ್ಲ. ಪಿಕ್ಸೆಲಿನ ಬೆಲೆ ಹೊತ್ತ ರಿಜಿಸ್ಟರ್‌ಗಳಿಗೆ ನಿಜಕ್ಕೂ ರಿಸೆಟ್ ಬೇಕಿರಲಿಲ್ಲ; ಬೆಲೆ ನಂಬಬಹುದೋ ಇಲ್ಲವೋ ಎಂದು ಹೇಳುವ ಒಂದು ಬಿಟ್‌ಗೆ ಮಾತ್ರ ಬೇಕಿತ್ತು. ಉಳಿದವುಗಳಿಂದ ಕಿತ್ತು ಹಾಕಿದೆವು.

ಗೆರೆ ಸರಿಸಿದ್ದಕ್ಕೆ ಖರ್ಚೂ ಇದೆ, ಅದನ್ನು ನಾವು ಮೊದಲು ಎಣಿಸಿರಲಿಲ್ಲ. ಮಿತಿ ದಾಟಿದ ಮೇಲೆ ಪ್ರತಿ ಬಣ್ಣ 12 ಬಿಟ್, ಮೂರು ಬಣ್ಣಕ್ಕೆ 36 ರಿಜಿಸ್ಟರ್ ಬಿಟ್ ಸಾಕಾಗುತ್ತಿತ್ತು. ಮಿತಿಗೆ ಮೊದಲೇ ಕತ್ತರಿಸಿದರೆ ಅಲ್ಲಿರುವುದು 12 ಬಿಟ್ ಮತ್ತು 12 ಬಿಟ್‌ಗಳ ಗುಣಲಬ್ಧ, ಅಂದರೆ ತಲಾ 24, ಒಟ್ಟು 72. ಹಾಗೆಯೇ ಮೊತ್ತದ ನಂತರ 22 ಬಿಟ್ ಇದ್ದದ್ದು ಮೊತ್ತಕ್ಕೆ ಮೊದಲು ತಲಾ 20ರ ಮೂರು ಗುಣಲಬ್ಧ, ಒಟ್ಟು 60. ಎರಡು ನಡುಗೆರೆಗಳಲ್ಲಿ 58 ಇದ್ದದ್ದು 132 ಆಯಿತು. ಮಾಡ್ಯೂಲ್ ಗಡಿಗಳು ನಮಗೆ ಸಹಜವೆನಿಸಿದ್ದು ಇದಕ್ಕೇ ಇರಬೇಕು ಎಂದು ಆಮೇಲೆ ಹೊಳೆಯಿತು: ಕೆಲಸವೊಂದು ಮುಗಿದಲ್ಲಿ ದತ್ತಾಂಶ ಸಣ್ಣದಾಗಿರುತ್ತದೆ, ಕೆಲಸದ ನಡುವೆ ಅಗಲವಾಗಿರುತ್ತದೆ. ಸಮತೋಲದ ಗೆರೆ ಬಹಳ ಸಲ ಆ ಅಗಲವಾದ ಜಾಗದಲ್ಲೇ ಬೀಳುತ್ತದೆ. ಎಫ್‌ಪಿಜಿಎಯಲ್ಲಿ 74 ಬಿಟ್ ಹೆಚ್ಚು ಖರ್ಚಾದರೆ ಯಾರೂ ಅಳುವುದಿಲ್ಲ. ಬ್ಯಾಟರಿಯಲ್ಲಿ ಓಡುವ ಚಿಪ್ ಆಗಿದ್ದರೆ ಈ ಲೆಕ್ಕ ಬೇರೆಯಾಗುತ್ತಿತ್ತು.

ಆದರೆ 10ಕ್ಕೆ ಸರಿಯಾಗಿ 10 ಎಂದರೆ ಉಳಿಕೆ ಸೊನ್ನೆ. ಈ ಅಂಕಿಗಳು ಪ್ಲೇಸ್‌ಮೆಂಟ್‌ಗೆ, ಅಂದರೆ ತರ್ಕದ ತುಂಡುಗಳಿಗೆ ಚಿಪ್ಪಿನಲ್ಲಿ ಜಾಗ ಹಂಚುವುದಕ್ಕೆ, ಮೊದಲಿನ ಅಂದಾಜು. ಚಿಪ್ಪಿನಲ್ಲಿ ಗುಣಕಗಳು ಗೊತ್ತಾದ ಕಂಬಸಾಲುಗಳಲ್ಲಿ ಮಾತ್ರ ಇರುತ್ತವೆ, ಅವುಗಳಿಂದ ಉಳಿದ ತರ್ಕಕ್ಕೆ ತಂತಿ ಎಳೆದಾಗ ದೂರಕ್ಕೆ ತಕ್ಕಂತೆ ವಿಳಂಬ ಬೆಳೆಯುತ್ತದೆ. ಸೊನ್ನೆ ಉಳಿಕೆಯಿಂದ ಹೊರಟರೆ ಅದು ಕೊರತೆಯಲ್ಲೇ ಮುಗಿಯುತ್ತದೆ.

ನಾಲ್ಕನೆಯ ಹಂತ ಮತ್ತು ಗುಣಕದ ಒಳಗಿನ ಜಾಗ

ಈಗ ಮಾತ್ರ ಒಂದು ಹಂತ ಹೆಚ್ಚಿಸುವುದಕ್ಕೆ ಅರ್ಥವಿತ್ತು. ಆದರೆ ಆರು ಕೆಲಸಗಳನ್ನು ಒಡೆಯದೆ ಇಟ್ಟುಕೊಂಡು ನಾಲ್ಕು ಹಂತ ಮಾಡಿದರೆ ಎಷ್ಟೇ ತಿರುಗಿಸಿದರೂ ನಿಧಾನದ ಹಂತ 8.5ಕ್ಕಿಂತ ಕೆಳಗೆ ಇಳಿಯಲಿಲ್ಲ. ನಡುವಿನಲ್ಲಿರುವ ಎರಡು ನ್ಯಾನೋಸೆಕೆಂಡಿನ ಮಿತಿ ಆರೂವರೆಯ ಎರಡು ಗುಣಾಕಾರಗಳ ನಡುವೆ ಸಿಕ್ಕಿಕೊಂಡಿತ್ತು; ಯಾವ ಕಡೆ ಸೇರಿಸಿದರೂ ಎಂಟೂವರೆ. ಒಂದು ಹಂತವನ್ನು ಖರ್ಚು ಮಾಡಿ ಅರ್ಧ ನ್ಯಾನೋಸೆಕೆಂಡು ಗಳಿಸಿದಂತಾಗುತ್ತಿತ್ತು. ಸಮತೋಲಕ್ಕೆ ಅಡ್ಡ ಬರುವುದು ಯಾವಾಗಲೂ ಒಟ್ಟು ಮೊತ್ತವಲ್ಲ, ಒಡೆಯಲಾಗದ ದೊಡ್ಡ ತುಂಡು.

ಆ ತುಂಡನ್ನು ಒಡೆಯುವ ಜಾಗವನ್ನು ಚಿಪ್ ತಯಾರಕರೇ ಬಿಟ್ಟಿರುತ್ತಾರೆ. ಎಫ್‌ಪಿಜಿಎಗಳ ಸಿದ್ಧ ಗುಣಕ ಬ್ಲಾಕ್‌ಗಳ ಒಳಗೆ, ಬೇಕಾದರೆ ಬಳಸಬಹುದಾದ ರಿಜಿಸ್ಟರ್‌ಗಳಿರುತ್ತವೆ. ನಮ್ಮ ಬ್ಲಾಕಿನಲ್ಲಿ ಅದನ್ನು ಬಳಸಿದರೆ 6.5 ಎಂಬುದು 3.5 ಮತ್ತು 3.0 ಆಗಿ ಒಡೆಯುತ್ತಿತ್ತು. ಆ ಗೆರೆಯನ್ನು ನಮಗೆ ಇಷ್ಟ ಬಂದಲ್ಲಿ ಸರಿಸುವಂತಿಲ್ಲ, ಕಾರ್ಖಾನೆಯಲ್ಲಿ ಎಲ್ಲಿ ಕೊರೆದಿದ್ದಾರೋ ಅಲ್ಲೇ. ಈ ಒಳರಿಜಿಸ್ಟರ್‌ಗಳಿಗೆ ಸಿಂಕ್ರೋನಸ್ ರಿಸೆಟ್ ಮಾತ್ರ ಇದ್ದದ್ದರಿಂದ, ನಮ್ಮ ಹಳೆಯ ಅಸಿಂಕ್ರೋನಸ್ ಶೈಲಿಯನ್ನು ಉಳಿಸಿಕೊಂಡಿದ್ದರೆ ಉಪಕರಣ ಇವುಗಳನ್ನು ಬಳಸದೆ ಹೊರಗೆ ಬೇರೆ ರಿಜಿಸ್ಟರ್ ಕಟ್ಟುತ್ತಿತ್ತು. ಗುಣಕ ಒಡೆಯದೆ ಇಡಿಯಾಗಿಯೇ ಉಳಿಯುತ್ತಿತ್ತು. ಸಂಕೇತದಲ್ಲಿ ರಿಜಿಸ್ಟರ್ ಇದೆ, ವರದಿಯಲ್ಲಿ ಗುಣಕ ಇನ್ನೂ ಆರೂವರೆ ತೋರಿಸುತ್ತಿದೆ ಎಂದಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಕಳೆತ + ಗುಣಾಕಾರದ ಮೊದಲರ್ಧ = 6.0
ಗುಣಾಕಾರದ ಉಳಿದರ್ಧ + ಮಿತಿ = 5.0
ತೂಕ = 6.5
ಮೊತ್ತ + ಹೋಲಿಕೆ = 7.0

ಎರಡನೆಯ ಗುಣಕವನ್ನು ಒಡೆಯಲು ಹೋಗಲಿಲ್ಲ, ಏಕೆಂದರೆ ಈಗ ನಿಧಾನದ್ದು ಕೊನೆಯ ಹಂತ, ಅದನ್ನು ಬಿಟ್ಟು ಬೇರೆಯದನ್ನು ಚಿಕ್ಕದು ಮಾಡಿದರೆ ಫಲವಿಲ್ಲ. ಅಂದಾಜು ಅವಧಿ 8.0. ಪ್ಲೇಸ್‌ಮೆಂಟ್ ಮತ್ತು ರೂಟಿಂಗ್ ಮುಗಿದ ಮೇಲೆ, ಮೂರು ಗುಣಕಗಳ ಉತ್ತರ ಒಂದೇ ಕಡೆ ಬಂದು ಕೂಡಬೇಕಾದ ಕಾರಣ ಕೊನೆಯ ಹಂತ 7.0ರಿಂದ 7.6ಕ್ಕೆ ಬೆಳೆಯಿತು; ಒಟ್ಟು 8.6, ಉಳಿಕೆ 1.4 ನ್ಯಾನೋಸೆಕೆಂಡು. ಅಲ್ಲಿಗೆ ನಿಲ್ಲಿಸಿದೆವು. ಇನ್ನೂ ಎಂಟೋ ಹತ್ತೋ ಹಂತ ಮಾಡಬಹುದಲ್ಲ ಎಂದರೆ, ಪ್ರತಿ ಹಂತವೂ ತನ್ನ ಒಂದು ನ್ಯಾನೋಸೆಕೆಂಡಿನ ತೆರಿಗೆ ಕಟ್ಟಿಯೇ ಮುಂದೆ ಹೋಗುತ್ತದೆ. ಹನ್ನೆರಡು ಹಂತ ಮಾಡಿ ಎಲ್ಲವನ್ನೂ ಸರಿಸಮ ಒಡೆದರೂ ಎರಡು ನ್ಯಾನೋಸೆಕೆಂಡಿನ ಕೆಲಸಕ್ಕೆ ಒಂದು ನ್ಯಾನೋಸೆಕೆಂಡು ತೆರಿಗೆ, ಮತ್ತು ಕ್ಯಾಮೆರಾ ಕೊಡುವುದೇ 100 ಮೆಗಾಹರ್ಟ್ಸ್ ಆದ್ದರಿಂದ ಆ ವೇಗವನ್ನು ಉಣ್ಣುವವರೂ ಇಲ್ಲ.

ಒಂದು ತಮಾಷೆಯ ಸಂಗತಿ. ನಾಲ್ಕು ಹಂತ, ಹಂತಕ್ಕೆ 10 ನ್ಯಾನೋಸೆಕೆಂಡು, ಲೇಟೆನ್ಸಿ 40. ಹಳೆಯ ಯಂತ್ರದಲ್ಲೂ ಒಂದು ಕ್ಲಾಕ್ ಎಂದರೆ 40 ನ್ಯಾನೋಸೆಕೆಂಡು. ತರ್ಕಕ್ಕೆ ಬೇಕಿದ್ದದ್ದು 25.5 ಮಾತ್ರವಾದರೂ ಹಳೆಯ ಕ್ಲಾಕ್ ಅದನ್ನು 40ರವರೆಗೆ ಕಾಯಿಸುತ್ತಿತ್ತು. ಹಾಗಾಗಿ ಗಡಿಯಾರ ಹಿಡಿದು ನೋಡಿದವರಿಗೆ ಲೇಟೆನ್ಸಿ ಬೆಳೆದದ್ದೇ ಕಾಣಲಿಲ್ಲ. ಕ್ಲಾಕ್ ಎಣಿಸುವವರಿಗೆ ಮಾತ್ರ ಒಂದು ಇದ್ದದ್ದು ನಾಲ್ಕಾಗಿತ್ತು, ಮತ್ತು ಎಣಿಸಬೇಕಾದವರು ಎಣಿಸಲಿಲ್ಲ.

ಎಡತುದಿಯ ವಾಲ್ವ್

ಹೊಸ ವಿನ್ಯಾಸವನ್ನು ತುಂಬಿದ ದಿನ ಸಂಜೆ ಯಜಮಾನರ ಫೋನ್ ಬಂತು. "ಸರ, ಮಾಲ ಹಾಕೇ ಇಲ್ರೀ, ಖಾಲಿ ಐತಿ. ಆದ್ರೂ ಎಡಗಡೆ ತುದೀದು ಒಂದ ವಾಲ್ವ್ ಟಕಟಕ ಹೊಡಕೋತ ಕುಂತೈತಿ ನೋಡ್ರಿ." ಬಿಸಿ ಹೆಚ್ಚಾಗಿದೆಯೇ ಎಂದು ಕೇಳಿದೆ. "ಮುಂಜಾನಿಂದನೂ ಹಂಗ ಐತ್ರೀ" ಎಂದರು.

ಅವರ ಆ ಒಂದು ಮಾತಿನಿಂದಲೇ ಇದು ಹಂತದ ವಿಳಂಬದ ದೋಷವಲ್ಲ ಎಂದು ಅರ್ಥವಾಯಿತು. ಜಾಗ ಬದಲಾಗುತ್ತಿಲ್ಲ, ಹೊತ್ತು ಬದಲಾದರೂ ಬದಲಾಗುತ್ತಿಲ್ಲ. ಮರುದಿನ ಹೋಗಿ ಕ್ಲಾಕನ್ನು 50 ಮೆಗಾಹರ್ಟ್ಸ್‌ಗೆ ಇಳಿಸಿದೆವು. ವಾಲ್ವ್ ಹೊಡೆಯುತ್ತಲೇ ಇತ್ತು. ಜಾರುಹಲಗೆಯ ಎದುರು ಒಂದು ತೆಳುವಾದ ಕಪ್ಪು ದಾರವನ್ನು ನೇರ ಇಳಿಬಿಟ್ಟು, ಕ್ಯಾಮೆರಾದ ಕಚ್ಚಾ ಚಿತ್ರದಲ್ಲಿ ಅದು ಎಷ್ಟನೆಯ ಪಿಕ್ಸೆಲಿನಲ್ಲಿದೆ, ತೀರ್ಪಿನ ಪಟ್ಟಿಯಲ್ಲಿ ಎಷ್ಟನೆಯದರಲ್ಲಿದೆ ಎಂದು ಹೋಲಿಸಿದೆವು. ದಾರವನ್ನು ಎಲ್ಲಿ ಇಳಿಬಿಟ್ಟರೂ ತೀರ್ಪಿನಲ್ಲಿ ಅದು ಸರಿಯಾಗಿ ಮೂರು ಪಿಕ್ಸೆಲ್ ಬಲಕ್ಕೆ ಇರುತ್ತಿತ್ತು.

ಪಿಕ್ಸೆಲಿನ ಬೆಲೆಯೊಂದಿಗೆ ಇನ್ನೆರಡು ಸಂಗತಿಗಳು ಪ್ರಯಾಣ ಮಾಡುತ್ತವೆ: ಅದು ಗೆರೆಯಲ್ಲಿ ಎಷ್ಟನೆಯದು ಎಂಬ ಸ್ಥಾನ, ಮತ್ತು ಈಗ ಬರುತ್ತಿರುವುದು ನಿಜವಾದ ಪಿಕ್ಸೆಲೋ ಎರಡು ಗೆರೆಗಳ ನಡುವಿನ ಖಾಲಿ ಅವಧಿಯೋ ಎಂದು ಹೇಳುವ ಬಿಟ್. ಬೆಲೆಯ ದಾರಿಯಲ್ಲಿ ನಾಲ್ಕು ರಿಜಿಸ್ಟರ್ ಇಟ್ಟೆವು. ಈ ಎರಡರ ದಾರಿಯಲ್ಲಿ ಹಳೆಯ ಒಂದೇ ಉಳಿದಿತ್ತು. ಹೀಗಾಗಿ ಪ್ರತಿ ತೀರ್ಪೂ ತನಗಿಂತ ಮೂರು ಸ್ಥಾನ ಮುಂದಿನ ಪಿಕ್ಸೆಲಿನ ಚೀಟಿ ಅಂಟಿಸಿಕೊಂಡು ಹೊರಬರುತ್ತಿತ್ತು. ಗೆರೆಯ ಮೊದಲ ಮೂರು ಸ್ಥಾನಗಳಿಗೆ ಬಂದು ಕೂಡುತ್ತಿದ್ದದ್ದು ಖಾಲಿ ಅವಧಿಯ ಸೊನ್ನೆಗಳು, ಅಂದರೆ ಅಪ್ಪಟ ಕಪ್ಪು. ವಾಲ್ವ್ ತೆರೆಯಲು ಅದರ ವ್ಯಾಪ್ತಿಯಲ್ಲಿ ಮೂರು ಕೆಟ್ಟ ಪಿಕ್ಸೆಲ್ ಸಾಕು ಎಂದು ನಾವೇ ಇಟ್ಟಿದ್ದೆವು. ಎಡತುದಿಯ ವಾಲ್ವ್‌ಗೆ ಪ್ರತಿ ಗೆರೆಯಲ್ಲೂ ಆ ಮೂರು ಸಿಗುತ್ತಿದ್ದವು.

```verilog
always @(posedge clk) begin
  v1 <= v0; v2 <= v1; v3 <= v2; v4 <= v3;
  p1 <= p0; p2 <= p1; p3 <= p2; p4 <= p3;
end
```

ತಿದ್ದುಪಡಿ ಇಷ್ಟೇ. `v` ಎಂಬುದು ನಂಬಬಹುದಾದ ಪಿಕ್ಸೆಲ್ ಎಂಬ ಬಿಟ್, `p` ಎಂಬುದು ಸ್ಥಾನ. ತೀರ್ಪಿನ ಪಕ್ಕದಲ್ಲಿ ಬಳಸಬೇಕಾದ್ದು `v1`, `p1` ಅಲ್ಲ, `v4`, `p4`. ವಾಲ್ವ್ ಸುಮ್ಮನಾಯಿತು.

ವಾಲ್ವ್ ತೆರೆಯಲು ಬೇಕಾದ ಕೆಟ್ಟ ಪಿಕ್ಸೆಲ್‌ಗಳ ಎಣಿಕೆ ಎರಡೋ ನಾಲ್ಕೋ ಆಗಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಯೋಚಿಸಿದೆ. ನಾಲ್ಕು ಎಂದಿದ್ದರೆ ಆ ವಾಲ್ವ್ ಹೊಡೆಯುತ್ತಲೇ ಇರಲಿಲ್ಲ. ಮೂರು ಪಿಕ್ಸೆಲ್ ಎಂದರೆ 0.44 ಮಿಲಿಮೀಟರ್, ಒಂದು ವಾಲ್ವ್‌ನ ವ್ಯಾಪ್ತಿ 64 ಪಿಕ್ಸೆಲ್, 9.4 ಮಿಲಿಮೀಟರ್. ಎರಡು ವಾಲ್ವ್‌ಗಳ ಗಡಿಯಲ್ಲಿ ಬಿದ್ದ ಕಡ್ಡಿಗೆ ಮಾತ್ರ ತಪ್ಪು ವಾಲ್ವ್ ತೆರೆಯುತ್ತಿತ್ತು, ಒಂದಿಷ್ಟು ಕಡ್ಡಿ ಒಳ್ಳೆಯ ಮಾಲಿನಲ್ಲಿ ಉಳಿಯುತ್ತಿತ್ತು, ನಾವು ಅದನ್ನು ಕ್ಯಾಮೆರಾದ ಮೇಲೋ ಗಾಳಿಯ ಒತ್ತಡದ ಮೇಲೋ ಹೊರಿಸುತ್ತಿದ್ದೆವು. ಅಂದಿನಿಂದ ಸಿಮ್ಯುಲೇಶನ್‌ನಲ್ಲಿ ಹಳೆಯ ವಿನ್ಯಾಸವನ್ನೂ ಹೊಸದನ್ನೂ ಒಟ್ಟಿಗೆ ಓಡಿಸಿ, ಹಳೆಯದರ ತೀರ್ಪು, ಸ್ಥಾನ, ನಂಬಿಕೆಯ ಬಿಟ್ ಮೂರನ್ನೂ ಮೂರು ಕ್ಲಾಕ್ ತಡೆಹಿಡಿದು, ಹೊಸದರೊಂದಿಗೆ ಪ್ರತಿ ಕ್ಲಾಕಿನಲ್ಲೂ ಹೋಲಿಸುತ್ತೇವೆ. ತೀರ್ಪನ್ನಷ್ಟೇ ಹೋಲಿಸಿದರೆ ಸಾಲದು. ನಮ್ಮ ದೋಷದಲ್ಲಿ ತೀರ್ಪುಗಳ ಸಾಲು ಸರಿಯೇ ಇತ್ತು, ತಪ್ಪಿದ್ದದ್ದು ಚೀಟಿ.

ರಿಜಿಸ್ಟರ್ ಇಡಲಾಗದ ಒಂದು ಜಾಗ

ಕೆಲವು ತಿಂಗಳ ನಂತರ ಇನ್ನೊಂದು ಬೇಡಿಕೆ ಬಂತು. ದೀಪಗಳು ಬಿಸಿಯಾದಂತೆ ಬೆಳಕು ಮೆಲ್ಲಗೆ ಇಳಿಯುತ್ತದೆ, ಆದ್ದರಿಂದ ಹೋಲಿಕೆಯ ಗಡಿಯೂ ಅದರೊಂದಿಗೆ ಇಳಿಯಬೇಕು. ಪ್ರತಿ ಪಿಕ್ಸೆಲ್ ಬಂದಾಗ ಅದರಿಂದ ಹಳೆಯ ಸರಾಸರಿಯನ್ನು ಕಳೆದು, ವ್ಯತ್ಯಾಸವನ್ನು ಒಂದು ಸಣ್ಣ ಸಂಖ್ಯೆಯಿಂದ ಗುಣಿಸಿ, ಮತ್ತೆ ಹಳೆಯ ಸರಾಸರಿಗೆ ಕೂಡಿಸುವ ತರ್ಕವನ್ನು ಬರೆದೆವು. ಕಳೆಯಲು 2.5, ಗುಣಿಸಲು 6.5, ಕೂಡಿಸಲು 2.5; ರಿಜಿಸ್ಟರ್ ಸೇರಿ 12.5. ಮತ್ತೆ ಹತ್ತು ದಾಟಿತು, ಮತ್ತೆ ಕೈ ರಿಜಿಸ್ಟರಿನ ಕಡೆಗೇ ಹೋಯಿತು.

ಆದರೆ ಇದು ನೇರ ದಾರಿಯಲ್ಲ, ಸುತ್ತು. ಈ ಪಿಕ್ಸೆಲಿನ ಉತ್ತರವೇ ಮುಂದಿನ ಪಿಕ್ಸೆಲಿಗೆ ಹಳೆಯ ಸರಾಸರಿಯಾಗಿ ಬೇಕು. ನಡುವೆ ಒಂದು ರಿಜಿಸ್ಟರ್ ಇಟ್ಟರೆ ಮುಂದಿನ ಪಿಕ್ಸೆಲ್ ಬಂದಾಗ ಉತ್ತರ ಇನ್ನೂ ದಾರಿಯಲ್ಲಿರುತ್ತದೆ, ಹಾಗಾಗಿ ಲೆಕ್ಕ ಅದರ ಹಿಂದಿನ ಸರಾಸರಿಯನ್ನು ಹಿಡಿದುಕೊಳ್ಳುತ್ತದೆ. ಆಗ ಅದು ತಡವಾದ ಅದೇ ಉತ್ತರವಲ್ಲ, ಬೇರೆಯೇ ಉತ್ತರ. ರಿಟೈಮಿಂಗ್ ಕೂಡ ಇಲ್ಲಿ ಕೈಚೆಲ್ಲುತ್ತದೆ: ಅದು ಸುತ್ತಿನಲ್ಲಿರುವ ರಿಜಿಸ್ಟರ್‌ಗಳನ್ನು ಸುತ್ತಿನೊಳಗೇ ಸರಿಸಬಲ್ಲದು, ಅವುಗಳ ಎಣಿಕೆಯನ್ನು ಹೆಚ್ಚಿಸಲಾರದು. ಒಂದೇ ರಿಜಿಸ್ಟರ್ ಇರುವ ಸುತ್ತಿನಲ್ಲಿ ಅದನ್ನು ಎಲ್ಲಿಟ್ಟರೂ ಸುತ್ತಿನ ಉದ್ದ ಅದೇ.

ಎರಡು ದಾರಿಗಳಿದ್ದವು. ಗುಣಿಸುವ ಸಂಖ್ಯೆಯನ್ನು 1/256 ಎಂದು ಇಟ್ಟರೆ ಗುಣಾಕಾರ ಬರಿಯ ಬಿಟ್ ಸರಿಸುವಿಕೆಯಾಗುತ್ತದೆ, ಅದಕ್ಕೆ ಗೇಟೇ ಬೇಡ, ತಂತಿ ಸಾಕು. ಸುತ್ತು 6 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಇನ್ನೊಂದು, ಸರಾಸರಿಯನ್ನು ಪಿಕ್ಸೆಲಿಗೊಮ್ಮೆ ಬದಲಿಸುವುದನ್ನೇ ಬಿಟ್ಟು ಗೆರೆಗೊಮ್ಮೆ ಬದಲಿಸುವುದು. ನಿಮಿಷಗಟ್ಟಲೆ ಹಿಡಿದು ಇಳಿಯುವ ಬೆಳಕನ್ನು ಸೆಕೆಂಡಿಗೆ ಹತ್ತು ಕೋಟಿ ಸಲ ಅಳೆಯುವುದರಲ್ಲಿ ಅರ್ಥವಿಲ್ಲ ಎಂದು ನಾನು ಎರಡನೆಯದನ್ನು ಆರಿಸಿದೆ. ಗೆರೆಗೊಮ್ಮೆ ಎಂದರೆ ಆ ಲೆಕ್ಕಕ್ಕೆ 10 ನ್ಯಾನೋಸೆಕೆಂಡಿನ ಬದಲು 42 ಮೈಕ್ರೋಸೆಕೆಂಡು ಸಿಗುತ್ತದೆ. ಸುತ್ತಿನೊಳಗೆ ಕೆಲವು ರಿಜಿಸ್ಟರ್ ಇಟ್ಟರೂ ಮುಂದಿನ ಗೆರೆ ಶುರುವಾಗುವ ಮೊದಲೇ ಉತ್ತರ ತನ್ನ ಜಾಗಕ್ಕೆ ಬಂದು ಕಾಯುತ್ತಿರುತ್ತದೆ. ಗುಣಕಕ್ಕೆ ಒಳರಿಜಿಸ್ಟರ್ ಹಾಕಿ, ಮೂರು ಹಂತ ಮಾಡಿ, `v4` ಇಳಿದು ಗೆರೆ ಮುಗಿದ ಕ್ಷಣಕ್ಕೆ ಅದನ್ನು ಕಟ್ಟಿದೆವು. ಈಗಿನ ವರದಿಯಲ್ಲಿ ನಿಧಾನದ ದಾರಿ ಮತ್ತೆ ಮೊತ್ತ ಮತ್ತು ಹೋಲಿಕೆಯದೇ, ಉಳಿಕೆ ಅದೇ 1.4.